‘ಅಲೋವೆಬಲ್ ಶಿಯರ್ ಸ್ಟ್ರೆಸ್’ ಅನ್ನೋದನ್ನು ಕನ್ನಡದಲ್ಲಿ ಹೇಗೆ ಬರೆಯೋದು?

ಉಡುಪಿಯಿಂದ:
ಡಿಪ್ಲೊಮಾ ಮಕ್ಕಳಿಗೆ ಮೆಷಿನ್ ಡಿಸೈನ್ ಲೆಕ್ಕಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊಬ್ಬರಿ ಎಣ್ಣೆ ಗಾಣಕ್ಕೆ 3.7 ಕಿಲೋವ್ಯಾಟ್ ಮೋಟಾರು, ವೇಗ 1440 ಆರ್‌ಪಿಎಂ. ಬೆಲ್ಟ್ ಹಾಕಿದ ಮೇಲೆ ಗಾಣದ ಕಡೆಯ ಶಾಫ್ಟ್ 360ರಲ್ಲಿ ತಿರುಗುತ್ತದೆ. ಅಲೋವೆಬಲ್ ಶಿಯರ್ ಸ್ಟ್ರೆಸ್ 40 ಮೆಗಾಪಾಸ್ಕಲ್. ಶಾಫ್ಟ್ ಎಷ್ಟು ದಪ್ಪ ಇರಬೇಕು ಅನ್ನೋದು ಪ್ರಶ್ನೆ. ‘ಅನುಮತಿಸಿದ ಒತ್ತಡ’ ಅಂತ ಬರೆದರೆ ಮಕ್ಕಳು ಯಾರ ಅನುಮತಿ ಅಂತ ನಗ್ತಾರೆ. ಬೇರೆ ಪದ ಇದೆಯಾ?

ಮಣಿಪಾಲದಿಂದ:
‘ತಾಳುವ ಶಕ್ತಿ’ ಅನ್ನಿ ಸಾರ್. ಅಷ್ಟಕ್ಕೆ ಶಾಫ್ಟ್ ತುಂಡಾಗುತ್ತದೆ ಅಂತ ತಾನೇ ಅರ್ಥ? ಹಾಗಾಗಿ 40ನ್ನು ಎರಡರಿಂದ ಭಾಗಿಸಿ ಲೆಕ್ಕ ಮಾಡಬೇಕು. ಮತ್ತೆ, ವೇಗ 360 ಅಂತಲೇ ತಗೊಳ್ಳಿ. 1440 ಹಾಕಿದರೆ ಶಾಫ್ಟ್ ಸಣ್ಣದಾಗುತ್ತದೆ.

ಮಲ್ಪೆಯಿಂದ:
ನಮ್ಮ ಬೋಟಿನ ಶಾಫ್ಟ್ ತುಂಡಾದದ್ದು ಪ್ರೊಪೆಲರ್ ಹತ್ತಿರ, ಸರಿಯಾಗಿ ಕೀ ಕೂರುವ ತೋಡಿನ ಮೂಲೆಯಿಂದ. ಇದಕ್ಕೂ ಇದೇ ಪದವಾ?

ಬೈಕಂಪಾಡಿಯಿಂದ:
ವೇಗದ ಮಾತು ಸರಿ. ತುಂಡಾಗುವ ಮಾತು ಸರಿಯಲ್ಲ. ಸಾಧಾರಣ ಮೈಲ್ಡ್ ಸ್ಟೀಲ್ ಶಿಯರಿನಲ್ಲಿ ಸೋಲುವುದೇ ಸುಮಾರು 125ರ ಆಚೆ, ತುಂಡಾಗುವುದು ಇನ್ನೂ ಮೇಲೆ. 40 ಅಂದರೆ ಸುರಕ್ಷತೆಯ ಪಾಲು ತೆಗೆದ ಮೇಲೆ ಉಳಿದದ್ದು. ಮತ್ತೆ ಭಾಗಿಸಿದರೆ ಸುಮ್ನೆ ಕಬ್ಬಿಣ ಜಾಸ್ತಿ. ನಾನಾದರೆ ‘ಸುರಕ್ಷಿತ ಶಿಯರ್ ಮಿತಿ’ ಅಂತ ಬರೆಯುತ್ತೇನೆ.

ಈಗ ಲೆಕ್ಕ ನೋಡಿ. ಕಿಲೋವ್ಯಾಟನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್ ಸುಮಾರು 98 ನ್ಯೂಟನ್ ಮೀಟರ್. ಬೆಲ್ಟಿನಲ್ಲಿ ಕಳೆದುಹೋಗುವುದನ್ನು ಬಿಟ್ಟಿದ್ದೇನೆ. ಅದನ್ನು ನ್ಯೂಟನ್ ಮಿಲಿಮೀಟರಿಗೆ ತಂದು ಹೀಗೆ ಹಾಕಿ:

d³ = 16T / (πτ)

23.2 ಮಿಲಿಮೀಟರ್ ಬರುತ್ತದೆ. 25ರ ರಾಡ್ ಸಾಕು ಅನ್ನಿಸುತ್ತದೆ, ಅಲ್ವಾ? ಮಲ್ಪೆಯವರ ಮಾತು ಬರೋದು ಇಲ್ಲಿಯೇ. ಕೀ ತೋಡು ಕೊರೆದರೆ ಮಿತಿಯನ್ನು ಮುಕ್ಕಾಲಿಗೆ ಇಳಿಸುವುದು ಹಳೆಯ ಎಎಸ್‌ಎಂಇ ಕೋಡಿನ ಪದ್ಧತಿ. 40 ಹೋಗಿ 30 ಆಗುತ್ತದೆ, ದಪ್ಪ 25.5ಕ್ಕೆ ಏರುತ್ತದೆ, 25ರದ್ದು ಸಾಲದು. ಆದರೆ ಅದೇ ಕೋಡಿನಲ್ಲಿ ತೋಡು ಇಲ್ಲದ ಶಾಫ್ಟಿಗೆ ಸುಮಾರು 55, ಇದ್ದರೆ ಸುಮಾರು 41. ಅಂದರೆ ನಿಮ್ಮ 40ರಲ್ಲಿ ತೋಡಿನ ಪಾಲು ಆಗಲೇ ಕಳೆದಿರಬಹುದು. ಪದ ಯಾವುದಾದರೂ ಇರಲಿ, ಇದನ್ನು ಪ್ರಶ್ನೆಯಲ್ಲೇ ಹೇಳಿಬಿಡಿ.

ಇನ್ನೊಂದು. ಈ ಸೂತ್ರಕ್ಕೆ ಗೊತ್ತಿರೋದು ತಿರುಚುವುದು ಮಾತ್ರ. ಬೆಲ್ಟ್ ಪಕ್ಕಕ್ಕೆ ಎಳೆದು ಶಾಫ್ಟನ್ನು ಬಗ್ಗಿಸುತ್ತದೆ. ಮೋಟಾರಿನದೇ ಶಾಫ್ಟಿಗೆ 1440ರಲ್ಲಿ ಲೆಕ್ಕ ಮಾಡಿ, 14.6 ಬರುತ್ತದೆ. ಅಂಗಡಿಯಲ್ಲಿ ಇಷ್ಟೇ ಶಕ್ತಿಯ 112 ಫ್ರೇಮಿನ ಮೋಟಾರಿನ ಶಾಫ್ಟನ್ನು ಅಳೆದರೆ 28. ಪುಲ್ಲಿಯನ್ನು ಬೇರಿಂಗಿನಿಂದ ದೂರ ಕೂರಿಸಿದಷ್ಟೂ ಬಗ್ಗುವುದು ಜಾಸ್ತಿ.

ಮಣಿಪಾಲದಿಂದ:
ಒಪ್ಪಿದೆ. ಆದರೆ ‘ಮಿತಿ’ ಅಂದರೆ ಮಕ್ಕಳು ತುಂಡಾಗುವ ಮಿತಿ ಅಂತಲೇ ಓದ್ತಾರೆ, ನೋಡಿ.

ಉಡುಪಿಯಿಂದ:
‘ಮೀರಬಾರದ ಶಿಯರ್ ಸ್ಟ್ರೆಸ್, ಕೀ ತೋಡಿನ ಪಾಲು ಕಳೆದ ಮೇಲೆ’ ಅಂತ ಬರೆದಿದ್ದೇನೆ. ಉದ್ದ ಆಯ್ತು. ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ. ಬೆಲ್ಟಿನ ಎಳೆತದ್ದು ಇನ್ನೊಂದು ಲೆಕ್ಕ ಮಾಡ್ತೇನೆ.