ಅಪ್‌ಡೇಟ್: ಶಿರಸಿಯ ಉಪನಯನ ಲೈವ್, ಮಂತ್ರ ಸರಿಯಾಗಿ ಕೇಳಿಸಿತು

ನನ್ನ ಪ್ರಶ್ನೆ: "ಜೂಮ್ ಟ್ರಯಲ್‌ನಲ್ಲಿ ಮಂತ್ರ, ವಾಲಗ ತುಂಡು ತುಂಡಾಗಿ ಕೇಳುತ್ತಿದೆ. ಏನು ಮಾಡಲಿ?"

ಉಪನಯನ ಚೆನ್ನಾಗಿ ಆಯಿತು. ಕೆಲಸ ಮಾಡಿದ್ದು `Original Sound for Musicians` ಆನ್ ಮಾಡುವ ಸಲಹೆ. ಜೂಮ್ ನಮ್ಮ ವಾಲಗವನ್ನೇ ಗದ್ದಲ ಅಂತ ತಿಳಿದು ಅಳಿಸುತ್ತಿತ್ತಂತೆ! ವಾಲಗದವರಿಗೆ ಇದನ್ನು ಹೇಳಿಲ್ಲ.

ಸ್ಪೀಕರ್ ಎದುರು ಫೋನ್ ಇಡುವ ಸಲಹೆ ಆಗಲಿಲ್ಲ, ಬರೀ ಗೊಂಯ್ ಅನ್ನುವ ಸದ್ದು. ಕೊನೆಗೆ ಭಟ್ಟರ ಶಾಲಿಗೆ ಚಿಕ್ಕ ವೈರ್‌ಲೆಸ್ ಮೈಕ್ ಸಿಕ್ಕಿಸಿದೆವು. ಅದರ ರಿಸೀವರ್ ಫೋನಿಗೆ. ಒಂದೊಂದು ಅಕ್ಷರವೂ ಸ್ಪಷ್ಟ.

ಫೋನನ್ನು ಸ್ಟ್ಯಾಂಡ್ ಮೇಲೆ, ಚಪ್ಪರದ ತೆರೆದ ಬದಿಗೆ ಬೆನ್ನು ಮಾಡಿ ಇಟ್ಟೆವು. ಬೆಳಕು ಫೋನಿನ ಹಿಂದಿನಿಂದ ಬಂತು, ವಟುವಿನ ಮುಖ ಕಪ್ಪಾಗಲಿಲ್ಲ. ಹೋಮದ ಹೊಗೆ ಮಾತ್ರ ಗಾಳಿ ತಿರುಗಿದಾಗೆಲ್ಲ ಅಡ್ಡ ಬಂತು.

ಉಚಿತ ಖಾತೆ 40 ನಿಮಿಷಕ್ಕೆ ನಿಲ್ಲುತ್ತದೆ, ಹಾಗಾಗಿ ಒಂದು ತಿಂಗಳಿಗೆ ದುಡ್ಡು ಕಟ್ಟಿದೆವು. ಲಿಂಕ್ ಹಿಂದಿನ ದಿನವೇ ಕುಟುಂಬದ ಗುಂಪಿಗೆ ಹಾಕಿದ್ದೆ. `Waiting Room` ಆಫ್ ಮಾಡಿ, ಇಲ್ಲದಿದ್ದರೆ ಹೋಮದ ನಡುವೆ ಎದ್ದು ಒಬ್ಬೊಬ್ಬರನ್ನೇ ಒಳಗೆ ಬಿಡಬೇಕು.