ಪದಚರ್ಚೆ: ‘ಅಂದಾಜು ಸರಾಸರಿ’ ಎಂದರೆ ಉತ್ತರವೂ ಅಂದಾಜೇ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಓದುವ ನನ್ನ ಮಗಳು ಗೆಳತಿಯ ನೋಟ್ಸಿನಿಂದ ಒಂದು ಪಟ್ಟಿಯ ಫೋಟೋ ತೆಗೆದುಕೊಂಡು ಬಂದಿದ್ದಳು. ಅದರಿಂದ ಕಾರ್ಲ್ ಪಿಯರ್ಸನ್ ಸಹಸಂಬಂಧ ಗುಣಾಂಕ ತೆಗೆಯಬೇಕಿತ್ತು.

```
X: 62  65  6?  70  74   ಮೊತ್ತ 339
Y: 41  45  44  50  52   ಮೊತ್ತ 232
```

ಬೆರಳಿನ ನೆರಳು ಬಿದ್ದು X ಸಾಲಿನ ಮೂರನೆಯದು 63ರಂತೆಯೂ 68ರಂತೆಯೂ ಕಾಣುತ್ತಿತ್ತು. ಉಳಿದ ನಾಲ್ಕು ಕೂಡಿದರೆ 271. ಮೊತ್ತ 339 ಇರುವುದರಿಂದ ಅದು 68 ಎಂದು ಗೊತ್ತಾಯಿತು.

ಮಗಳು 68, 45 ಅಂದಾಜು ಸರಾಸರಿ ಎಂದು ಹಿಡಿದಳು. ಉತ್ತರ 0.86 ಬಂತು. ಗೆಳತಿ 70, 50 ಹಿಡಿದಿದ್ದಳು, ಅವಳಿಗೆ 0.93. ‘ಅಂದಾಜು ತಾನೇ ಅಮ್ಮ, ಹೆಚ್ಚುಕಮ್ಮಿ ಆಗುತ್ತೆ’ ಎಂದಳು. ಈ ಪದವೇ ದಾರಿ ತಪ್ಪಿಸುತ್ತಿದೆಯಾ?

\* \* \*

ಮೇಡಂ, ನಿಜವಾದ ಸರಾಸರಿಗೆ ಹತ್ತಿರ ಇರುವುದನ್ನೇ ಹಿಡಿಯಬೇಕು. ಇಲ್ಲಿ ಅವು 67.8 ಮತ್ತು 46.4. ಮಗಳು ಹಿಡಿದದ್ದು ಹತ್ತಿರ ಇದೆ, ಹಾಗಾಗಿ ಅವಳ ಉತ್ತರವೇ ಸರಿ.

\* \* \*

ನಾನು ಹತ್ತನೇ ತರಗತಿಗೆ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಹಂತ ವಿಚಲನೆಯಲ್ಲಿ ಕೊನೆಗೆ h ನಿಂದ ಗುಣಿಸಲು ಮರೆಯುತ್ತಾರೆ. ಇಲ್ಲೂ ಅದೇ ಆಗಿರಬೇಕು.

\* \* \*

h ಇಲ್ಲಿ ಬರುವುದೇ ಇಲ್ಲ ಸಾರ್. ವಿಚಲನೆಗಳನ್ನು h ನಿಂದ ಭಾಗಿಸಿದ್ದರೂ ಅದು ಮೇಲೆ ಕೆಳಗೆ ಎರಡೂ ಕಡೆ ಬಂದು ಹೊಡೆದುಹೋಗುತ್ತದೆ. ಹತ್ತಿರದ ಸಂಖ್ಯೆ ಹಿಡಿದರೆ ಲೆಕ್ಕ ಸಣ್ಣದಾಗುತ್ತದೆ, ನಿಜ. ಆದರೆ ಉತ್ತರ ಬದಲಾಗಬಾರದು.

ಮಗಳ ಲೆಕ್ಕ ನೋಡಿ. dx: −6, −3, 0, 2, 6, ಮೊತ್ತ −1. dy: −4, 0, −1, 5, 7, ಮೊತ್ತ 7. dxdy ಮೊತ್ತ 76, dx² ಮೊತ್ತ 85, dy² ಮೊತ್ತ 91. ಅವಳು ಸುಮ್ನೆ 76 / √(85 × 91) ಮಾಡಿದ್ದಾಳೆ. ನಿಜವಾದ ಸರಾಸರಿಯಿಂದ ಅಳೆದಿದ್ದರೆ ಮಾತ್ರ ಅದು ಸರಿ, ಆಗ ವಿಚಲನೆಗಳ ಮೊತ್ತ ಸೊನ್ನೆ. ಇಲ್ಲಿ ಸೊನ್ನೆ ಬಂದಿಲ್ಲ, ಹಾಗಾಗಿ ತಿದ್ದುಪಡಿ ಬೇಕು:

```
r = (5×76 − (−1)(7)) / √((5×85 − 1)(5×91 − 49))
  = 387 / √(424 × 406) = 0.933
```

70, 50 ಹಿಡಿದು ಇದನ್ನೇ ಮಾಡಿ. ಮೊತ್ತಗಳೆಲ್ಲ ಬೇರೆ, ಆದರೆ ಕೊನೆಗೆ ಮತ್ತೆ 387, 424, 406 ಬರುತ್ತವೆ. ಗೆಳತಿಯೂ ತಿದ್ದುಪಡಿ ಬಿಟ್ಟಿದ್ದರೆ ಅವಳಿಗೆ 0.927 ಬಂದಿರುತ್ತದೆ. ಎರಡೇ ದಶಮಾಂಶ ಬರೆದರೆ ಅದೂ 0.93! ಮೂರನೆಯ ಅಂಕಿ ಕೇಳಿ ನೋಡಿ.

ಪದದ ವಿಷಯಕ್ಕೆ ಬಂದರೆ, ‘ಅಂದಾಜು’ ನನಗೂ ಒಪ್ಪಿಗೆ ಇಲ್ಲ. ಅಂದಾಜು ವೆಚ್ಚ ಎಂದರೆ ನಿಜ ವೆಚ್ಚ ಬೇರೆ ಇರಬಹುದು ಎಂದೇ ಅರ್ಥ ಅಲ್ವಾ? ‘ಹಿಡಿದ ಸರಾಸರಿ’ ಎನ್ನಬಹುದು. ‘70 ಹಿಡಿಯೋಣ’ ಎಂದೇ ತಾನೇ ತರಗತಿಯಲ್ಲಿ ಹೇಳುವುದು.

\* \* \*

‘ಹಿಡಿದ’ ಚೆನ್ನಾಗಿದೆ. ಆದರೆ 70 ಇಲ್ಲಿ ಸರಾಸರಿಯೇ ಅಲ್ಲವಲ್ಲ? ‘ಹಿಡಿದ ಮೂಲ’ ಎಂದರೆ ಇನ್ನೂ ಸರಿ ಅನಿಸುತ್ತದೆ. ಪರೀಕ್ಷೆಯಲ್ಲಿ ಮಾತ್ರ ಮಕ್ಕಳು ಪುಸ್ತಕದ ಪದವನ್ನೇ ಬರೆಯಲಿ.

\* \* \*

ಗೆಳತಿಗೆ ಫೋನ್ ಮಾಡಿಸಿದೆ. ಅವಳದ್ದು 0.927.