ಪದಚರ್ಚೆ: ‘ಬೂಟ್ ಇಂಟೆಗ್ರಿಟಿ ಮಾನಿಟರಿಂಗ್’ಗೆ ಕನ್ನಡದಲ್ಲಿ ಏನಂತೀರಿ?

ಪಾಠದಮೇಡಂ:
ಎಲ್ರಿಗೂ ನಮಸ್ಕಾರ. ನಮ್ಮ ಡಿಪ್ಲೊಮಾ ಹುಡುಗರಿಗೆ ಗೂಗಲ್ ಕ್ಲೌಡ್‌ನ ಶೀಲ್ಡೆಡ್ ವಿಎಂ, ಅಂದ್ರೆ ಬೂಟ್ ಆಗುವಾಗಿನ ಕಳ್ಳಾಟಕ್ಕೆ ಕಾವಲಿರೋ ವರ್ಚುವಲ್ ಮೆಷಿನ್ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೀತಿದೀನಿ, ಸರ್ವರ್, ಬೂಟ್, ಫರ್ಮ್‌ವೇರ್ ಇವನ್ನೆಲ್ಲ ಹಾಗೇ ಬಿಟ್ಟಿದೀನಿ, ಅದ್ರಲ್ಲಿ ಜಗಳ ಇಲ್ಲ. ಸಿಕ್ಕಾಕೊಂಡಿರೋದು ಮೂರು ಪದಕ್ಕೆ: ಇಂಟೆಗ್ರಿಟಿ, ಮೆಷರ್‌ಮೆಂಟ್, ಬೇಸ್‌ಲೈನ್. ಈಗ ಬರೆದಿರೋ ಸಾಲು ಇದು: “ಫರ್ಮ್‌ವೇರ್ ಅಥವಾ ಬೂಟ್‌ಲೋಡರ್ ಬದಲಾಗಿದ್ದರೆ ಸಮಗ್ರತಾ ಮೇಲ್ವಿಚಾರಣೆಯು ಅದನ್ನು ತಡೆಯುತ್ತದೆ.” ಓದಿದ್ರೆ ಸರ್ಕಾರಿ ಸುತ್ತೋಲೆ ಥರ ಇದೆ, ಅದು ಬಿಡಿ, ಅರ್ಥನಾದ್ರೂ ಸರಿ ಇದ್ಯಾ?

ಹಳೇಮೇಷ್ಟ್ರು:
ಮೇಡಂ, ಸಂವಿಧಾನದ ಪೀಠಿಕೆಯ ಕನ್ನಡದಲ್ಲಿ ರಾಷ್ಟ್ರದ ಏಕತೆ ಹಾಗೂ ಅಖಂಡತೆ ಅಂತಿದೆಯಲ್ಲ, ಆ ಅಖಂಡತೆ ಇಂಗ್ಲಿಷಿನ ಇದೇ ಪದಕ್ಕೆ ಬಂದದ್ದು, 1976ರ 42ನೇ ತಿದ್ದುಪಡಿಯಲ್ಲಿ ಸೇರಿಸಿದ್ದು. ಅಧಿಕಾರಿಗಳ ವಿಷಯದಲ್ಲಾದರೆ ಪ್ರಾಮಾಣಿಕತೆ, ಸಾಚಾತನ ಅಂತೀವಿ. ಯಂತ್ರಕ್ಕೆ ಸಾಚಾತನ ಅನ್ನೋದು ನಗೆಪಾಟಲು, ಹಾಗಾಗಿ ಅಖಂಡತೆ ಇಟ್ಟುಕೊಳ್ಳಿ. ಪದ ಈಗಾಗಲೇ ಚಲಾವಣೆಯಲ್ಲಿದೆ, ಹೊಸದಾಗಿ ಟಂಕಿಸುವ ಶ್ರಮ ಯಾಕೆ.

ಫೈನಲ್‌ಇಯರ್:
ಮೇಡಂ ಸಾಲು ಸರಿಯಾಗೇ ಇದೆ ಅನ್ಸುತ್ತೆ, ಬೂಟ್‌ಲೋಡರ್ ಮೇಲೆ ಡಿಜಿಟಲ್ ಸಹಿ ಇರುತ್ತೆ, ಯುಇಎಫ್‌ಐ ಫರ್ಮ್‌ವೇರ್ ಅದನ್ನ ನೋಡುತ್ತೆ, ಸಹಿ ಹೊಂದಲಿಲ್ಲ ಅಂದ್ರೆ ವಿಎಂ ಬೂಟೇ ಆಗಲ್ಲ. ಅಂದ್ಮೇಲೆ “ತಡೆಯುತ್ತದೆ” ಕರೆಕ್ಟ್. ಇಂಟೆಗ್ರಿಟಿ ಮಾನಿಟರಿಂಗ್‌ಗೆ “ಸಹಿ ಪರಿಶೀಲನೆ” ಅಂದ್ಬಿಟ್ರೆ ಹುಡುಗರಿಗೆ ಈಸಿ ಆಗುತ್ತೆ.

ನೈಟ್‌ಶಿಫ್ಟ್:
ಫೈನಲ್‌ಇಯರ್ ಹೇಳಿದ್ದು ಸೆಕ್ಯೂರ್ ಬೂಟ್ ಕಥೆ ಗುರು, ಅದು ನಿಜಾನೇ, ಆದ್ರೆ ಮೇಡಂ ಕೇಳಿರೋದು ಅದಲ್ಲ. ಶೀಲ್ಡೆಡ್ ವಿಎಂ ಅಂದ್ರೆ ಮೂರು ಬೇರೆ ಬೇರೆ ಸ್ವಿಚ್ಚು: ಸೆಕ್ಯೂರ್ ಬೂಟ್, ವಿಟಿಪಿಎಂ ಅನ್ನೋ ವರ್ಚುವಲ್ ಭದ್ರತಾ ಚಿಪ್, ಇಂಟೆಗ್ರಿಟಿ ಮಾನಿಟರಿಂಗ್. ಸಹಿ ನೋಡಿ ಬಾಗಿಲು ಹಾಕೋದು ಮೊದಲನೇದು, ಮತ್ತೆ ಅದು ಡೀಫಾಲ್ಟ್ ಆಗಿ ಆಫ್ ಇರುತ್ತೆ, ನಾವೇ ಆನ್ ಮಾಡ್ಬೇಕು. ಮೂರನೇದು ಯಾರನ್ನೂ ತಡೆಯಲ್ಲ. ಬೂಟ್‌ಲೋಡರ್ ಬದಲಾಗಿದ್ರೂ ವಿಎಂ ಆರಾಮಾಗಿ ಮೇಲೆ ಬರುತ್ತೆ, ಸೈಟ್ ಓಡ್ತಿರುತ್ತೆ, ಲಾಗ್‌ನಲ್ಲಿ ಮಾತ್ರ ಒಂದು `false` ಬಿದ್ದಿರುತ್ತೆ. ಅದಕ್ಕೆ ಅಲರ್ಟ್ ಕಟ್ಟಿಲ್ಲ ಅಂದ್ರೆ ವರ್ಷಗಟ್ಟಲೆ ಯಾರೂ ನೋಡಲ್ಲ. ಹಾಗಾಗಿ ಮೇಡಂ, ಮೊದಲು “ತಡೆಯುತ್ತದೆ” ತೆಗೀರಿ, “ವರದಿ ಮಾಡುತ್ತದೆ” ಹಾಕಿ, ಆಮೇಲೆ ಇಂಟೆಗ್ರಿಟಿ ಜಗಳ ಆಡೋಣ.

ಈಗ ಮೆಷರ್‌ಮೆಂಟ್. ಇದಕ್ಕೆ ಅಳತೆ ಅಂದ್ರೆ ಹುಡುಗರು ಸೈಜ್ ಅನ್ಕೋತಾರೆ. ನಡೆಯೋದೇನು ಅಂದ್ರೆ ಬೂಟ್‌ನಲ್ಲಿ ಪ್ರತಿ ಹಂತದವನು ಮುಂದಿನವನಿಗೆ ಕಂಟ್ರೋಲ್ ಕೊಡೋಕೆ ಮುಂಚೆ ಅವನ ಹ್ಯಾಶ್, ಅಂದ್ರೆ ಕೋಡಿನ ಬೆರಳಚ್ಚಿನಂಥ ಸಂಖ್ಯೆ, ತೆಗೆದು ವಿಟಿಪಿಎಂ ಒಳಗಿನ ಪಿಸಿಆರ್ ಅನ್ನೋ ಒಂದು ರಿಜಿಸ್ಟರ್‌ಗೆ ಹಾಕ್ತಾನೆ. ಫರ್ಮ್‌ವೇರ್‌ದು ಪಿಸಿಆರ್ 0ಗೆ, ಬೂಟ್‌ಲೋಡರ್ ಕೋಡು 4ಕ್ಕೆ, ಸೆಕ್ಯೂರ್ ಬೂಟ್ ಸೆಟ್ಟಿಂಗು ಕೀಗಳು 7ಕ್ಕೆ. ಹಾಕೋದು ಅಂದ್ರೆ ಹಳೇ ಬೆಲೆ ಅಳಿಸಿ ಹೊಸದು ಬರೆಯೋದಲ್ಲ, ಹಳೇ ಬೆಲೆ ಹೊಸ ಹ್ಯಾಶ್ ಎರಡನ್ನೂ ಜೋಡಿಸಿ ಅದರ ಮೇಲೆ ಮತ್ತೆ ಹ್ಯಾಶ್ ತೆಗೆಯೋದು:

```
PCR = SHA256(PCR || digest)
```

ಹೆಪ್ಪು ಹಾಕಿದ ಹಾಲು ವಾಪಸ್ ಹಾಲಾಗುತ್ತಾ? ಅದೇ ಥರ ಕೆಟ್ಟ ಬೂಟ್‌ಲೋಡರ್ ಒಂದು ಸಲ ಹ್ಯಾಶ್ ಆಗಿ ಒಳಗೆ ಸೇರಿದ್ಮೇಲೆ ಅದು ಎಷ್ಟೇ ಬುದ್ಧಿವಂತ ಆಗಿದ್ರೂ ಪಿಸಿಆರನ್ನ ಹಿಂದಿನ ಬೆಲೆಗೆ ತರೋಕಾಗಲ್ಲ, ಇನ್ನೊಂದಷ್ಟು ಸೇರಿಸಬಹುದು ಅಷ್ಟೆ, ಸೇರಿಸಿದ್ರೆ ಬೆಲೆ ಇನ್ನೂ ದೂರ ಹೋಗುತ್ತೆ. ಸೊನ್ನೆ ಆಗೋದು ರೀಬೂಟ್ ಮಾಡಿದಾಗಲೇ, ಆಗ ಅವನನ್ನ ಮತ್ತೆ ಹ್ಯಾಶ್ ಮಾಡೇ ಮಾಡ್ತಾರೆ. ಹೋಲಿಸೋ ಕೆಲಸಾನೂ ವಿಎಂ ಒಳಗೆ ನಡೆಯಲ್ಲ, ಆಚೆ ಗೂಗಲ್ ಕಡೆ ನಡೆಯುತ್ತೆ, ಹಾಗಾಗಿ ಒಳಗೆ ಕೂತ ಕಳ್ಳ ರಿಪೋರ್ಟ್ ತಿದ್ದೋಕೆ ಕೈಗೆ ಸಿಗಲ್ಲ. ಇಷ್ಟಕ್ಕೆಲ್ಲ ಒಂದು ಪದ ಬೇಕು ಅಂದ್ರೆ ನಾವು ಶಿಫ್ಟ್‌ನಲ್ಲಿ “ಹ್ಯಾಶ್ ತಗೊಂಡ” ಅಂತಾನೇ ಮಾತಾಡೋದು.

ಪುಣೆಕನ್ನಡಿಗ:
ಇದೇನೋ ನನ್ನ ಲ್ಯಾಪ್‌ಟಾಪ್‌ಗೆ ಆಗಿದ್ದೇ ಅನ್ನಿಸ್ತಿದೆ. ಬಯೋಸ್ ಅಪ್‌ಡೇಟ್ ಹಾಕಿದೆ, ಆಮೇಲೆ ಆನ್ ಮಾಡಿದ್ರೆ ನೀಲಿ ಪರದೆ, ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್‌ನ ರಿಕವರಿ ಕೀ ಕೊಡು ಅಂತ, 48 ಅಂಕಿ, ಎಲ್ಲಿಟ್ಟಿದೀನೋ ನೆನಪಿಲ್ಲ, ಮನೆಯವಳ ಹತ್ರ ಬೈಸ್ಕೊಂಡು ಕೊನೆಗೆ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸಿಕ್ತು. ಅಲ್ಲೂ ಟಿಪಿಎಂ ಅಂತಿದ್ರು. ಹಂಗಿದ್ರೆ ಅದು ತಡೀತು ಅಲ್ವಾ? ಇಲ್ಯಾಕೆ ತಡೆಯಲ್ಲ ಅಂತೀರಿ?

ನೈಟ್‌ಶಿಫ್ಟ್:
ಒಳ್ಳೆ ಪ್ರಶ್ನೆ ಸರ್. ಪಿಸಿಆರ್ ಲೆಕ್ಕ ಎರಡೂ ಕಡೆ ಅದೇ. ನಿಮ್ಮಲ್ಲಿ ಡಿಸ್ಕ್ ಕೀಯನ್ನ ಆ ಬೆಲೆಗಳಿಗೆ ಮೊಹರು ಮಾಡಿಟ್ಟಿದ್ರು, ಬೆಲೆ ಬದಲಾಯ್ತು, ಟಿಪಿಎಂ ಕೀ ಬಿಟ್ಟುಕೊಡಲಿಲ್ಲ. ಶೀಲ್ಡೆಡ್ ವಿಎಂನಲ್ಲೂ ವಿಟಿಪಿಎಂ ಇಟ್ಕೊಂಡು ಹಾಗೆ ಮೊಹರು ಮಾಡ್ಕೋಬಹುದು, ಆದ್ರೆ ಅದು ನಾವು ಮಾಡ್ಕೊಳ್ಳೋ ಬೇರೆ ಕೆಲಸ, ಮಾನಿಟರಿಂಗ್ ಬರೀ ನೋಡಿ ಹೇಳುತ್ತೆ.

ಪಾಠದಮೇಡಂ:
“ವರದಿ ಮಾಡುತ್ತದೆ” ಅಂತ ತಿದ್ದಿದೆ. ಈಗ ಬೇಸ್‌ಲೈನ್. ಆಧಾರರೇಖೆ ಅಂತ ಇಟ್ಟಿದ್ದೆ, ಅದು ಸರ್ವೆ ಇಲಾಖೆ ಪದ ಆಯ್ತು. ಅದಕ್ಕಿಂತ ಹೆಚ್ಚಾಗಿ ಒಂದು ಅನುಮಾನ: ಸರಿಯಾದ ಬೆಲೆ ಇದು ಅಂತ ಹೇಳೋವ್ರು ಯಾರು? ಡೆಬಿಯನ್ ಲಿನಕ್ಸ್‌ನವರು ಪಟ್ಟಿ ಕೊಟ್ಟಿರ್ತಾರಾ?

ಹಳೇಮೇಷ್ಟ್ರು:
ಪಡಿಯಚ್ಚು ಅನ್ನಿ ಮೇಡಂ. ಮೂಲದ ಅಚ್ಚು ಒಂದು ಕಡೆ, ಈಗಿನದು ಇನ್ನೊಂದು ಕಡೆ, ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುವುದು.

ನೈಟ್‌ಶಿಫ್ಟ್:
ಮೇಷ್ಟ್ರೇ, ಪಡಿಯಚ್ಚು ಕೇಳೋಕೆ ಚೆನ್ನಾಗಿದೆ, ಆದ್ರೆ ಮೂಲ ಎಲ್ಲೋ ಅಧಿಕೃತವಾಗಿ ಇದೆ ಅನ್ನೋ ಭಾವನೆ ಬರುತ್ತೆ. ಇಲ್ಲಿ ಹಂಗಿಲ್ಲ. ವಿಎಂ ಹುಟ್ಟಿದಾಗ ಯಾವ ಇಮೇಜ್‌ನಿಂದ ಬಂತೋ ಅದನ್ನ ನಂಬಿ, ಅದರ ಬೆಲೆಗಳನ್ನೇ ಸರಿ ಅಂತ ಇಟ್ಕೋತಾರೆ. ಇಮೇಜೇ ಕೆಟ್ಟಿದ್ರೆ ಕೆಟ್ಟದ್ದೇ ಸರಿ ಅಂತ ದಾಖಲಾಗುತ್ತೆ, ಮುಂದೆ ಪ್ರತಿ ಬೂಟ್‌ನಲ್ಲೂ ಪಾಸ್.

ಒಂದು ಕೇಸ್ ಹೇಳ್ತೀನಿ, ನಾವು ನೋಡ್ಕೊಳ್ಳೋ ಒಂದು ಡೆಬಿಯನ್ ವಿಎಂದು. ರಾತ್ರಿ ಮೇಂಟೆನೆನ್ಸ್‌ಗೆ ಅಂತ ರೀಬೂಟ್ ಮಾಡಿದ್ರು, ಕೂಡಲೇ ಅಲರ್ಟ್. `shielded_vm_integrity` ಲಾಗ್ ತೆಗೆದ್ರೆ `policyEvaluationPassed: false`. ಕೆಳಗೆ ಎರಡು ಪಟ್ಟಿ ಇರುತ್ತೆ, `policyMeasurements` ಅಂದ್ರೆ ಇರಬೇಕಾದ್ದು, `actualMeasurements` ಅಂದ್ರೆ ಇರೋದು. ಪಿಸಿಆರ್ 0 ಎರಡರಲ್ಲೂ ಒಂದೇ, ಸೋ ಫರ್ಮ್‌ವೇರ್ ಮುಟ್ಟಿಲ್ಲ (ಅದು ಬದಲಾಗಿದ್ರೆ ನಮ್ಮ ಕೈಲಿ ನೋಡೋಕೆ ಏನೂ ಇರಲ್ಲ, ಫರ್ಮ್‌ವೇರ್ ಗೂಗಲ್‌ನವರದು, ಅವರ ಸಪೋರ್ಟ್‌ಗೇ ಬರೀಬೇಕು). 7 ಕೂಡ ಒಂದೇ. 4 ಬೇರೆ. ಅಂದ್ರೆ ಬೂಟ್‌ಲೋಡರ್‌ಗಳಾದ ಶಿಮ್ ಅಥವಾ ಗ್ರಬ್ ಕಡೆ ಏನೋ ಬದಲಾಗಿದೆ.

ಹೊಸ ಹುಡುಗ ಒಬ್ಬ “ಇವತ್ತು ಯಾರೂ ಏನೂ ಇನ್‌ಸ್ಟಾಲ್ ಮಾಡಿಲ್ಲ, ಅಟ್ಯಾಕೇ” ಅಂತ ಗಾಬರಿ. ಆದ್ರೆ `/var/log/apt/history.log` ಹಿಂದಕ್ಕೆ ಓದ್ತಾ ಹೋದ್ರೆ ಎಷ್ಟೋ ವಾರದ ಹಿಂದೆ ಆಟೋ ಅಪ್‌ಡೇಟ್‌ನಲ್ಲಿ ಗ್ರಬ್ ಪ್ಯಾಕೇಜ್ ಬಂದಿತ್ತು. ಫೈಲ್ ಅವತ್ತೇ ಬದಲಾಗಿದೆ, ಹ್ಯಾಶ್ ತಗೊಳ್ಳೋದು ಬೂಟ್ ಆದಾಗ ಮಾತ್ರ, ಮಧ್ಯ ರೀಬೂಟ್ ಆಗಿಲ್ಲ, ಅದಕ್ಕೇ ಇವತ್ತು ಕೂಗಿದ್ದು. ಕಾರಣ ಒಂದು ದಿನ, ಕೂಗು ಇನ್ನೊಂದು ದಿನ, ಇದನ್ನ ನಿಮ್ಮ ಹುಡುಗರಿಗೆ ದಪ್ಪಕ್ಷರದಲ್ಲಿ ಬರ್ದುಕೊಡಿ.

ಅಪ್‌ಡೇಟ್ ಬಂದಿತ್ತು ಅಂದ್ಮಾತ್ರಕ್ಕೆ ಅದೇ ಕಾರಣ ಅಂತಾನೂ ಅಲ್ಲ, ಕಳ್ಳ ಅದರ ಮರೆಯಲ್ಲೇ ಬಂದಿರಬಹುದು. ಸೋ ಈವೆಂಟ್ ಲಾಗ್ ಬಿಚ್ಚಿ ಪಿಸಿಆರ್ 4ಕ್ಕೆ ಸೇರಿದ ಗ್ರಬ್ ಹ್ಯಾಶ್ ಯಾವುದು ಅಂತ ನೋಡಿ, ಡೆಬಿಯನ್ ಸರ್ವರ್‌ನಿಂದ ಅದೇ ಪ್ಯಾಕೇಜ್ ಬೇರೆ ಮೆಷಿನ್‌ಗೆ ಇಳಿಸಿ ಅದರೊಳಗಿನ ಗ್ರಬ್ ಫೈಲ್‌ನ ಹ್ಯಾಶ್ ಜೊತೆ ಹೋಲಿಸಿದ್ವಿ:

```
tpm2_eventlog /sys/kernel/security/tpm0/binary_bios_measurements
pesign -h -i grubx64.efi.signed
```

ಇಲ್ಲೊಂದು ಗುಂಡಿ ಇದೆ. ಆ ಫೈಲ್ ಮೇಲೆ ಸುಮ್ನೆ `sha256sum` ಓಡಿಸಿದ್ರೆ ಯಾವತ್ತೂ ಮ್ಯಾಚ್ ಆಗಲ್ಲ, ಎಲ್ರೂ ಅಲ್ಲೇ ಬೀಳೋದು. ಫರ್ಮ್‌ವೇರ್ ತೆಗೆಯೋದು ಆಥೆಂಟಿಕೋಡ್ ಹ್ಯಾಶ್, ಅದ್ರಲ್ಲಿ ಫೈಲ್‌ಗೆ ಅಂಟಿಸಿರೋ ಸಹಿಯ ಭಾಗ ಲೆಕ್ಕಕ್ಕೆ ಬರಲ್ಲ, `pesign` ಕೊಡೋದು ಅದನ್ನೇ. ನಮ್ಮದು ಮ್ಯಾಚ್ ಆಯ್ತು. ಆಮೇಲಷ್ಟೇ ಇದು:

```
gcloud compute instances update web-1 --zone=asia-south1-a \
  --shielded-learn-integrity-policy
```

ಇದು ಈಗಿನ ಬೆಲೆಗಳನ್ನೇ ಹೊಸ ಬೇಸ್‌ಲೈನ್ ಮಾಡುತ್ತೆ, ಮುಂದಿನ ಬೂಟ್ ಹಸಿರು. ಬಹಳ ಕಡೆ ಏನ್ ಮಾಡ್ತಾರೆ ಅಂದ್ರೆ ಅಲರ್ಟ್ ಕಿರಿಕಿರಿ ಅಂತ ಪ್ರತಿ ಪ್ಯಾಚ್ ಆದ್ಮೇಲೆ ಈ ಕಮಾಂಡನ್ನ ಸ್ಕ್ರಿಪ್ಟ್‌ಗೇ ಹಾಕ್ಬಿಡ್ತಾರೆ, ಯಾರೂ ಏನೂ ನೋಡಲ್ಲ. ಅಂಥ ಕಡೆ ಬೂಟ್‌ಲೋಡರ್‌ನಲ್ಲೇ ಅಡಗೋ ಬೂಟ್‌ಕಿಟ್ ಬಂದ್ರೆ ಅದಕ್ಕೂ ಹಾರ ಹಾಕಿ ಒಳಗೆ ಕರ್ಕೊಂಡಂಗೆ, ನನ್ನ ಕೇಳಿದ್ರೆ ಅದಕ್ಕಿಂತ ಮಾನಿಟರಿಂಗ್ ಆಫ್ ಮಾಡಿಟ್ರೆ ವಾಸಿ, ಇದೆ ಅನ್ನೋ ಸುಳ್ಳು ಧೈರ್ಯನಾದ್ರೂ ಇರಲ್ಲ.

ಫೈನಲ್‌ಇಯರ್:
ಅಣ್ಣ ಹಾಗಿದ್ರೆ ಸೆಕ್ಯೂರ್ ಬೂಟ್ ಆನ್ ಮಾಡಿದ್ರೆ ಮಾನಿಟರಿಂಗ್ ಬೇಡ್ವೇ ಬೇಡ ಅಲ್ವಾ? ಸಹಿ ಇಲ್ದೇ ಇರೋದು ಒಳಗೇ ಬರಲ್ಲ.

ನೈಟ್‌ಶಿಫ್ಟ್:
ಸಹಿ ಇರೋ ಹಳೇ ಗ್ರಬ್, ತೂತು ಇರೋದು, ಅದನ್ನ ತಂದು ಹಾಕಿದ್ರೆ? 2020ರಲ್ಲಿ ಗ್ರಬ್‌ನ ಬೂಟ್‌ಹೋಲ್ ತೂತು ಆಚೆ ಬಂದಾಗ ಗೋಳಾಗಿದ್ದೇ ಅದು. ಸಹಿ ಸರಿ, ಕೋಡ್ ಸರಿ ಇಲ್ಲ. ಆ ಹಳೇ ಸಹಿಗಳನ್ನ ರದ್ದು ಮಾಡೋ ಪಟ್ಟಿ ಅಪ್‌ಡೇಟ್ ಆಗೋವರೆಗೂ ಸೆಕ್ಯೂರ್ ಬೂಟ್ ಬಿಟ್ಕೊಳ್ಳುತ್ತೆ, ಆದ್ರೆ ಹ್ಯಾಶ್ ಬೇರೆ ಆಗಿರೋದ್ರಿಂದ ಪಿಸಿಆರ್ 4 ಹಿಡಿಯುತ್ತೆ. ಉಲ್ಟಾನೂ ಹೇಳ್ತೀನಿ: ಕರ್ನಲ್‌ಗೆ ಕಂಟ್ರೋಲ್ ಹೋದ ಮೇಲೆ ಈ ಮಾನಿಟರಿಂಗ್ ಕೆಲಸ ಮುಗೀತು. ಆಮೇಲೆ ಯಾರೋ ನಿಮ್ಮ ಪಿಎಚ್‌ಪಿ ಫೈಲ್ ತಿದ್ದಿದ್ರೆ ಇದಕ್ಕೆ ಗೊತ್ತೇ ಆಗಲ್ಲ.

ಹಳೇಮೇಷ್ಟ್ರು:
ಹಾಗಾದರೆ ನಾನು ಕೊಟ್ಟ ಅಖಂಡತೆ ನಿಲ್ಲುವುದಿಲ್ಲ. ತುಂಡಾಗಿದೆಯೇ ಎಂದಲ್ಲ ಇಲ್ಲಿನ ಪ್ರಶ್ನೆ, ಮೊದಲಿನ ಹಾಗೇ ಇದೆಯೇ ಎಂಬುದು. “ಯಥಾಸ್ಥಿತಿ” ಹೇಗೆ? ಕೋರ್ಟಿನಿಂದಾಗಿ ಹಳ್ಳಿಯವರಿಗೂ ಗೊತ್ತಿರುವ ಪದ.

ಪುಣೆಕನ್ನಡಿಗ:
ಯಥಾಸ್ಥಿತಿ ಅಂದ್ರೆ ಜಮೀನು ಕೇಸೇ ನೆನಪಾಗೋದು ಸರ್, ಸ್ಟೇ ತಂದಂಗೆ.

ಪಾಠದಮೇಡಂ:
ನಂಗೆ ಯಥಾಸ್ಥಿತಿ ಹಿಡಿಸ್ತು, ಆದ್ರೆ ನ್ಯಾಯವಾಗಿ ಅಪ್‌ಡೇಟ್ ಹಾಕಿದ್ರೂ ಅದು ಮುರಿಯುತ್ತಲ್ಲ, ಮುರಿದದ್ದೆಲ್ಲ ತಪ್ಪು ಅನ್ನೋ ಧ್ವನಿ ಬಂದ್ರೆ ಕಷ್ಟ. ಸದ್ಯಕ್ಕೆ ಸಾಲು ಹೀಗಿದೆ: “ಫರ್ಮ್‌ವೇರ್ ಅಥವಾ ಬೂಟ್‌ಲೋಡರ್ ನಾವು ಒಪ್ಪಿಕೊಂಡ ಬೂಟ್‌ನಲ್ಲಿ ಇದ್ದ ಹಾಗೆ ಇಲ್ಲದಿದ್ದರೆ ಲಾಗ್‌ನಲ್ಲಿ ತಿಳಿಸುತ್ತದೆ, ಕಾರಣ ನಾವೇ ಹುಡುಕಬೇಕು.” ಬೇಸ್‌ಲೈನ್‌ಗೆ “ಒಪ್ಪಿಕೊಂಡ ಬೂಟ್” ಅಂತ ಮಾಡ್ಕೊಂಡೆ. ಆ ಕಮಾಂಡ್‌ನಲ್ಲಿರೋ `learn`ಗೆ ಕಲಿಸು ಅನ್ನಲೋ ಒಪ್ಪು ಅನ್ನಲೋ?

ನೈಟ್‌ಶಿಫ್ಟ್:
ಒಪ್ಪು. ಅದು ಏನೂ ಕಲಿಯಲ್ಲ, ನಾವು ಸೈನ್ ಹಾಕ್ತೀವಿ ಅಷ್ಟೆ.

ಹಳೇಮೇಷ್ಟ್ರು:
ಕಮಾಂಡಿನ ಪದವನ್ನು ಅರ್ಥಕ್ಕೆ ತಕ್ಕಂತೆ ತಿದ್ದಿದರೆ ಹುಡುಗರು ಪರದೆಯ ಮೇಲೆ ಬೇರೆ ಪದ ನೋಡಿ ತಬ್ಬಿಬ್ಬಾಗುತ್ತಾರೆ. ನನ್ನ ಮತ ಕಲಿಸುಗೇ.